ನಾಲ್ಕನೇ ಪ್ರಶ್ನೆಗೆ ಉತ್ತರ

ಅರ್ಜಿ ಬರೆಯುವುದರಲ್ಲಿ ಅರ್ಪಿತಾಳನ್ನು ಮೀರಿಸುವವರು ಸವಳಂಗದಲ್ಲಿ ಯಾರೂ ಇರಲಿಲ್ಲ. ವಿಧವಾ ವೇತನ ನಿಂತಿತೇ, ಪಡಿತರ ಚೀಟಿಯಲ್ಲಿ ಸೊಸೆಯ ಹೆಸರು ಬಿಟ್ಟುಹೋಯಿತೇ, ಹೆಂಗಸರು ನೇರ ಉಚ್ಚಂಗಮ್ಮನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ನಿನ್ ಮಗಳು ಅದಾಳೇನೇ ಉಚ್ಚಂಗವ್ವಾ? ಒಂದ್ ಅರ್ಜಿ ಬರ್ಕೊಡಾಕೆ ಹೇಳು."

ಇವರಿಗೆ, ಇವರಿಂದ, ಮಾನ್ಯರೇ, ವಿಷಯ. ಅಷ್ಟನ್ನು ಯಾರು ಬೇಕಾದರೂ ಬರೆದಾರು. ಅರ್ಪಿತಾಳ ಕೈಚಳಕವಿದ್ದದ್ದು ಕೊನೆಯಲ್ಲಿ ಬರುವ 'ಪ್ರತಿ' ಎಂಬ ಸಾಲಿನಲ್ಲಿ. ನ್ಯಾಮತಿಯ ತಾಲ್ಲೂಕು ಕಚೇರಿಗೆ ಒಂಟಿಯಾಗಿ ಹೋದ ಅರ್ಜಿ ಮೇಜಿನ ಕೆಳಗಿನ ಕಟ್ಟಿನಲ್ಲಿ ಮಲಗುತ್ತದೆ, 'ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳಿಗೆ' ಎಂದಿದ್ದರೆ ಅದಕ್ಕೆ ಕಾಲು ಬರುತ್ತದೆ ಎಂಬುದನ್ನು ಅವಳು ಹೈಸ್ಕೂಲಿನಲ್ಲಿದ್ದಾಗಲೇ ಕಂಡುಕೊಂಡಿದ್ದಳು. ದೊಡ್ಡವರಿಗೆ ಬರೆದರೆ ಅವರ ಮೇಲಿನವರಿಗೂ ಒಂದು ಪ್ರತಿ, ಅರ್ಜಿಯಲ್ಲಿ ಯಾರ ಹೆಸರು ಬಂತೋ ಅವರಿಗೂ ಒಂದು ಪ್ರತಿ. ಅವಳ ಲೆಕ್ಕದಲ್ಲಿ ಅದು ಚಾಡಿಯಲ್ಲ, ಮರ್ಯಾದೆ.

ಈಗ ಅವಳು ಹೊನ್ನಾಳಿಯ ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷ. ಅವ್ವ ಉಚ್ಚಂಗಮ್ಮ ಕೂಲಿ ಹೆಂಗಸರ ಗುಂಪಿನ ಮೇಸ್ತ್ರಿ. ನಾಳೆ ಯಾರ ಹೊಲ, ಶುಂಠಿ ಕೀಳುವುದೋ ಮೆಕ್ಕೆಜೋಳ ಮುರಿಯುವುದೋ, ಯಾರ್‍ಯಾರು ಬರುತ್ತಾರೆ ಎಂದು ದಿನವೂ ಸಂಜೆ ಫೋನು ಹಿಡಿದು ಅವಳು ಕೂಗಾಡುತ್ತಿದ್ದಳು. ಆ ಕೂಗಾಟ ಕೇಳಿ ಕೇಳಿಯೇ ಅರ್ಪಿತಾ 'ನಾಳೆ ಕೆಲ್ಸ' ಎಂಬ ಜಾಲತಾಣ ಕಟ್ಟಿದಳು. ಎದುರಿಗೆ ಕಾಣುವ ಪುಟ, ಅದರ ಹಿಂದೆ ಓಡುವ ಸರ್ವರ್, ಅದರ ಹಿಂದಿನ ಡೇಟಾಬೇಸ್, ಮೂರೂ ಅವಳದೇ ಕೈಕೆಲಸ. ಹೆಂಗಸರು ಫೋನಿನಲ್ಲಿ ಅದನ್ನು ತೆರೆದು 'ಬರ್ತೀನಿ' ಎಂಬ ಹಸಿರು ಗುಂಡಿ ಒತ್ತಿದರೆ ಉಚ್ಚಂಗಮ್ಮನ ಪಟ್ಟಿಯಲ್ಲಿ ಹೆಸರು ಮೂಡುತ್ತಿತ್ತು.

"ಅಯ್ಯೋ, ನಿನ್ ಹೆಸ್ರು ಎರಡೆರಡ್ ಸಲ ಬರ್ತೈತಲ್ಲೇ," ಎಂದು ಗುಂಪಿನ ಲಕ್ಷ್ಮಕ್ಕ ನಗುತ್ತಿದ್ದಳು. "ಎರಡು ಕೂಲಿ ತಗೊಳ್ಳಾಕೆ ಮಗಳ ಕೈಲಿ ಮಾಡ್ಸೀಯೇನು?"

"ಎರಡಾಳಿನ ಕೆಲ್ಸ ಮಾಡ್ತೀನಿ, ಎರಡ್ ಸಲ ಬರಲಿ ಬಿಡು," ಎನ್ನುತ್ತಿದ್ದಳು ಉಚ್ಚಂಗಮ್ಮ.

ಆ ಎರಡೆರಡು ಸಲ ಬರುವುದು ಯಾಕೆಂದು ಅರ್ಪಿತಾಳಿಗೆ ತಿಳಿದಿರಲಿಲ್ಲ. ಕೇಳಲು ಒಬ್ಬರು ಸಿಕ್ಕಿದ್ದರು. ಚನ್ನಗಿರಿಯಲ್ಲಿ ಶಾಲೆಗಳಿಗೆ ಆ್ಯಪ್ ಮಾಡಿಕೊಡುವ ಒಂದು ಸಣ್ಣ ಕಂಪನಿಯಿತ್ತು. ಅಲ್ಲಿನ ಸೀನಿಯರ್ ಡೆವಲಪರ್ ಕೊಟ್ರೇಶ್ ಅವಳ ಕಾಲೇಜಿಗೆ ಬಂದು ಉಪನ್ಯಾಸ ಕೊಟ್ಟಿದ್ದ. "ನಾನೂ ಜಗಳೂರು ಕಡೆ ಹಳ್ಳಿಯೋನೇ. ಹಾಸ್ಟೆಲ್ ಅನ್ನ ತಿಂದು ಓದಿದೋನು," ಎಂದು ಶುರು ಮಾಡಿದಾಗಲೇ ಹಿಂದಿನ ಬೆಂಚಿನವರು ನೆಟ್ಟಗೆ ಕೂತಿದ್ದರು. "ನಮ್ ಕಂಪನಿಯಾಗೆ ಒಂದೇ ಒಂದು ಇಂಟರ್ನ್‌ಶಿಪ್ ಐತೆ. ಪ್ರಾಜೆಕ್ಟ್ ಮಾಡಿ ನನಗೆ ಮೇಲ್ ಹಾಕ್ರಿ. ಕನ್ನಡದಾಗೇ ಬರೀರಿ, ಪರವಾಗಿಲ್ಲ. ಆದ್ರೆ 'ಸರ್, ನೋಡಿ ಹೇಳಿ' ಅಂತ ಹಾಕಬ್ಯಾಡ್ರಿ. ಎಲ್ಲಿ ಸಿಕ್ಕೊಂಡೀರಿ, ಏನ್ ಮಾಡಿ ನೋಡಿದ್ರಿ, ಅದನ್ನ ಕೇಳ್ರಿ. ಸರಿಯಾಗಿ ಕೇಳೋರು ನನಗೆ ಬೇಕು."

ಆ ಒಂದು ಜಾಗ ಸಿಕ್ಕರೆ ಅರ್ಪಿತಾ ಮನೆಯಿಂದಲೇ ಬಸ್ಸಿನಲ್ಲಿ ಓಡಾಡಬಹುದಿತ್ತು. ಸಿಗದಿದ್ದರೆ ಪರೀಕ್ಷೆ ಮುಗಿದ ಮರುದಿನದಿಂದ ಅವ್ವನ ಪಟ್ಟಿಯಲ್ಲಿ ಅವಳದೂ ಒಂದು ಹೆಸರು. ಅವಳು ಕೂತು ಬರೆದಳು.

"ಇವರಿಗೆ: ಶ್ರೀ ಕೊಟ್ರೇಶ್, ಸೀನಿಯರ್ ಡೆವಲಪರ್, ಚನ್ನಗಿರಿ. ಇವರಿಂದ: ಅರ್ಪಿತಾ, ಬಿಸಿಎ ಅಂತಿಮ ವರ್ಷ, ಹೊನ್ನಾಳಿ. ವಿಷಯ: ನನ್ನ ಮೊದಲ ಫುಲ್‌ಸ್ಟ್ಯಾಕ್ ಪ್ರಾಜೆಕ್ಟನ್ನು ಪರಿಶೀಲಿಸಿಕೊಡುವ ಕುರಿತು.

ಮಾನ್ಯರೇ, ತಾವು ಹೇಳಿದಂತೆ ಪ್ರಾಜೆಕ್ಟ್ ಮಾಡಿದ್ದೇನೆ. ಕೋಡ್ ಮತ್ತು ಜಾಲತಾಣ ಎರಡರ ಕೊಂಡಿಯನ್ನೂ ಕೆಳಗೆ ಕೊಟ್ಟಿದ್ದೇನೆ. ನನ್ನ ಪ್ರಶ್ನೆಗಳು ಇವು:

ಒಂದು. ಪಾಸ್‌ವರ್ಡನ್ನು ಹಾಗೇ ಇಡದೆ ಯಾರೂ ಓದಲಾಗದಂತೆ ಬಿಕ್ರಿಪ್ಟ್‌ನಿಂದ ಹ್ಯಾಶ್ ಮಾಡಿ ಇಟ್ಟಿದ್ದೇನೆ. ಒಂದೇ ಪಾಸ್‌ವರ್ಡಿಗೆ ಪ್ರತಿ ಸಲ ಬೇರೆ ಬೇರೆ ಹ್ಯಾಶ್ ಬರುತ್ತಿದೆ. ಆದರೂ ಲಾಗಿನ್ ಆಗುತ್ತಿದೆ. ಇದು ಸರಿಯೇ?

ಎರಡು. ಫೋನ್ ನಂಬರನ್ನೇ ಹೆಂಗಸರ ಗುರುತಾಗಿ ಇಟ್ಟಿದ್ದೆ. ಆದರೆ ನಮ್ಮಲ್ಲಿ ಅತ್ತೆ ಸೊಸೆ ಇಬ್ಬರಿಗೂ ಒಂದೇ ಫೋನು, ಎರಡನೆಯವರು ಸೇರಲು ಆಗಲಿಲ್ಲ. ಈಗ ಹೆಂಗಸರ ಟೇಬಲ್ ಬೇರೆ, ನಂಬರುಗಳ ಟೇಬಲ್ ಬೇರೆ ಮಾಡಿದ್ದೇನೆ. ಇದು ಸರಿಯಾದ ದಾರಿಯೇ?

ಮೂರು. ಮೊದಲು ಒಬ್ಬೊಬ್ಬರಿಗೂ ಡೇಟಾಬೇಸನ್ನು ಒಂದೊಂದು ಸಲ ಕೇಳುತ್ತಿದ್ದೆ, ನಿಧಾನವಾಗುತ್ತಿತ್ತು. ಈಗ ಟೇಬಲ್‌ಗಳನ್ನು ಜಾಯಿನ್ ಮಾಡಿ ಒಂದೇ ಸಲಕ್ಕೆ ತರುತ್ತೇನೆ. ಆದರೆ ನಮ್ಮ ಅಮ್ಮನ ಹೆಸರು ಎರಡು ಸಲ ಬರುತ್ತದೆ. ಯಾಕೆ?

ನಾಲ್ಕು. ನನ್ನ ಜಾಲತಾಣದಲ್ಲಿ ಲಾಗಿನ್ ಆದ ಮೇಲೆ ಪುಟದ ವಿಳಾಸದ (ಯುಆರ್‌ಎಲ್) ಕೊನೆಯಲ್ಲಿರುವ ಸಂಖ್ಯೆಯನ್ನು ಬದಲಿಸಿದರೆ ಬೇರೆಯವರ ವಿವರ ಕಾಣುತ್ತಿತ್ತು. ತಮ್ಮ ಶಾಲಾ ಆ್ಯಪ್ ನೋಡಿ ನಾನೂ ವಿಳಾಸದಲ್ಲಿ ಸಂಖ್ಯೆ ಇಟ್ಟಿದ್ದೆ. ನನ್ನ ತಂಗಿ ಪವಿತ್ರ ತಮ್ಮ ಆ್ಯಪ್ ಬಳಸುವ ನ್ಯಾಮತಿಯ ಶಾಲೆಯಲ್ಲಿ ಓದುತ್ತಾಳೆ. ಅವಳ ಅಂಕಪಟ್ಟಿ ತೆರೆದು, ತಾವು ಹೇಗೆ ತಡೆದಿದ್ದೀರಿ ಎಂದು ತಿಳಿಯಲು ಮುಂದಿನ ಸಂಖ್ಯೆ ಹಾಕಿದೆ. ಬೇರೆ ಮಗುವಿನ ಅಂಕಗಳೂ ಅವರ ತಾಯಿಯ ಫೋನ್ ನಂಬರೂ ಬಂದವು. ತಕ್ಷಣ ಮುಚ್ಚಿದೆ. ತಾವು ಬೇಕೆಂದೇ ಹಾಗೆ ಇಟ್ಟಿರಬಹುದು, ನನಗೆ ತಿಳಿಯದ ಕಾರಣ ಇರಬಹುದು. ನನ್ನದರಲ್ಲಿ ನಾನು, ಲಾಗಿನ್ ಆದವರ ಐಡಿಯನ್ನೂ ಕೇಳಿದ ದಾಖಲೆ ಯಾರದೆಂಬುದನ್ನೂ ಸರ್ವರ್‌ನಲ್ಲಿ ಹೋಲಿಸಿ, ಹೊಂದದಿದ್ದರೆ ತಡೆಯುವಂತೆ ಬರೆದಿದ್ದೇನೆ. ಇದು ಸರಿಯೇ?

ಐದು. ಉಚಿತ ಸರ್ವರ್ ಆದ್ದರಿಂದ ಯಾರೂ ಬಳಸದಿದ್ದರೆ ಮಲಗಿಬಿಡುತ್ತದೆ. ಮೊದಲು ತೆರೆದವರಿಗೆ ಬಹಳ ಹೊತ್ತು ಬಿಳಿ ಪುಟವೇ ಕಾಣುತ್ತದೆ. ಹೆಂಗಸರು ಕೆಟ್ಟಿದೆ ಎಂದು ಫೋನ್ ಮಾಡುತ್ತಾರೆ. ಏನು ಮಾಡಲಿ?

ತಮ್ಮ ವಿಧೇಯ ವಿದ್ಯಾರ್ಥಿನಿ."

ಇನ್ನು 'ಪ್ರತಿ'. ಕಾಲೇಜಿನ ಪ್ರಾಂಶುಪಾಲರಿಗೆ. ಪಾಠ ಹೇಳಿದ ಪ್ರಮೀಳಾ ಮೇಡಂಗೆ. ಕಂಪನಿಯ ಮಾಲೀಕರಾದ ಕಲ್ಲೇಶಪ್ಪನವರಿಗೆ. ನಾಲ್ಕನೇ ಪ್ರಶ್ನೆಯಲ್ಲಿ ಶಾಲೆಯ ಮಾತು ಬಂದಿದೆ, ಅವರನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ನ್ಯಾಮತಿಯ ಶಾಲೆಯ ಮುಖ್ಯಶಿಕ್ಷಕರಿಗೂ. ಎಲ್ಲ ವಿಳಾಸಗಳನ್ನೂ ಹುಡುಕಿ ಪ್ರತಿಯ ಜಾಗದಲ್ಲಿ ತುಂಬಿ ಕಳಿಸಿದಳು.

ಚನ್ನಗಿರಿಯಲ್ಲಿ ಕಲ್ಲೇಶಪ್ಪನವರ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಕಂಪನಿ. ಬೆಳಿಗ್ಗೆ ಚಹಾ ಲೋಟ ಹಿಡಿದು ಮೇಲ್ ತೆರೆದ ಕೊಟ್ರೇಶನಿಗೆ ಮೊದಲ ಪ್ರಶ್ನೆಗೇ ಖುಷಿಯಾಯಿತು. ಎರಡನೆಯದಕ್ಕೆ ಲೋಟ ಕೆಳಗಿಟ್ಟ. ಅತ್ತೆ ಸೊಸೆಗೆ ಒಂದೇ ಫೋನು! ತಾನು ಉಪನ್ಯಾಸ ಕೊಟ್ಟು ಬಂದ ಇಷ್ಟು ಕಾಲೇಜುಗಳಲ್ಲಿ ಯಾರಾದರೂ ಇಂಥ ಪ್ರಶ್ನೆ ಕೇಳಿದ್ದರೇ? ಮೂರನೆಯದಕ್ಕೆ ಮನಸ್ಸಿನಲ್ಲೇ ಉತ್ತರ ಬರೆಯತೊಡಗಿದ್ದ. ಇವಳನ್ನೇ ತೆಗೆದುಕೊಳ್ಳುತ್ತೇನೆ ಎಂದುಕೊಂಡ.

ನಾಲ್ಕನೆಯದನ್ನು ಓದಿದ. ಪರೀಕ್ಷಿಸಿ ನೋಡುವ ಅಗತ್ಯವೂ ಇರಲಿಲ್ಲ. ಆ ಕೋಡ್ ಅವನೇ ಬರೆದದ್ದು. ಶಾಲೆ ತೆರೆಯುವ ಗಡಿಬಿಡಿಯಲ್ಲಿ ಆ ಜಾಗದಲ್ಲಿ 'ಪೋಷಕರು ಯಾರೆಂದು ನೋಡುವುದು, ಆಮೇಲೆ' ಎಂದು ಟಿಪ್ಪಣಿ ಹಾಕಿ ಮುಂದೆ ಹೋಗಿದ್ದ. ಆ 'ಆಮೇಲೆ' ಬಂದೇ ಇರಲಿಲ್ಲ. ಮೇಲ್‌ನ ಮೇಲ್ತುದಿಗೆ ಹೋಗಿ ನೋಡಿದಾಗ ಪ್ರತಿಗಳ ಸಾಲು ಕಾಣಿಸಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಲ್ಲೇಶಪ್ಪನವರ ಚಪ್ಪಲಿ ಸದ್ದು.

"ಏನಯ್ಯಾ ಕೊಟ್ರೇಶಾ, ಯಾವಳೋ ಹುಡುಗಿ ಏನೋ ಬರ್ದಾಳಲ್ಲ? ಶಾಲೆಯೋರು ಬೆಳಗ್ಗಿಂದ ಫೋನ್ ಮೇಲೆ ಫೋನ್. ನೀನು ಕಳ್ಸೋ ಇಂಗ್ಲಿಷ್ ಮೇಲ್ ನನಗೆ ಒಂದೂ ತಿಳಿಯಾಕಿಲ್ಲ. ಇದು ಕನ್ನಡದಾಗೆ ಐತೆ ನೋಡು, ಪೂರಾ ತಿಳೀತು."

"ಸರ್, ಅದು..."

"ಹೊನ್ನಾಳಿ ಶಾಲೆಯೋರು, ಜಗಳೂರು ಶಾಲೆಯೋರು ಮುಂದಿನ ವಾರ ಸೈನ್ ಹಾಕಾಕೆ ಬರ್ತಾ ಅದಾರೆ. ಅದಾದ ಮೇಲೆ ನಿನ್ನ ಪಾಲುದಾರ ಮಾಡ್ಕೊಳ್ತೀನಿ ಅಂತ ಮಾತು ಕೊಟ್ಟೀನಿ. ನನಗೆ ಉದ್ದಕ್ಕೆ ಹೇಳಬ್ಯಾಡ. ಒಂದೇ ಮಾತು. ತಪ್ಪು ನಮ್ದೋ, ಆ ಹುಡುಗೀದೋ?"

ಕೊಟ್ರೇಶ ಪರದೆಯನ್ನೇ ನೋಡುತ್ತಿದ್ದ. 'ತಮ್ಮ ವಿಧೇಯ ವಿದ್ಯಾರ್ಥಿನಿ' ಎಂಬ ಸಾಲು ಅಲ್ಲೇ ಇತ್ತು.

"ಹುಡುಗೀದು ಸರ್. ಹ್ಯಾಕ್ ಮಾಡ್ಯಾಳೆ."

"ಹಂಗಂದ್ರೆ?"

"ಬಾಗಿಲು ಮುರ್ದು ಒಳಗೆ ಬಂದಾಳೆ ಅಂತ."

"ಹಂಗಾದ್ರೆ ಸರಿ," ಎಂದರು ಕಲ್ಲೇಶಪ್ಪ. "ನಾಳೆ ಕಾಲೇಜಿಗೆ ಹೋಗಾಣ. ತಪ್ಪು ಅವಳದೇ ಅಂತ ಬರವಣಿಗೇಲಿ ತಗೊಳ್ಳಾಣ."

ಸಂಜೆ ಪ್ರಮೀಳಾ ಮೇಡಂ ಅರ್ಪಿತಾಳಿಗೆ ಫೋನ್ ಮಾಡಿದರು. "ನಾಳೆ ಪ್ರಿನ್ಸಿಪಾಲರ ರೂಮಿಗೆ ಬಾರಮ್ಮ. ಕಂಪನಿಯೋರು ಬರ್ತಾರಂತೆ. ನಿಮ್ಮ ಅಮ್ಮನ್ನೂ ಕರ್ಕೊಂಡು ಬಾ."

"ನನ್ ಮೇಲ್ ನೋಡಿದ್ರಂತಾ ಮೇಡಂ?"

"ನೋಡಿದಾರೆ," ಎಂದು ಮೇಡಂ ಫೋನಿಟ್ಟರು.

ಉಚ್ಚಂಗಮ್ಮ ಗುಂಪನ್ನು ಲಕ್ಷ್ಮಕ್ಕನಿಗೆ ಒಪ್ಪಿಸಿ, ಮದುವೆ ಮುಂಜಿಗೆಂದು ಇಟ್ಟಿದ್ದ ಹಸಿರು ಸೀರೆ ತೆಗೆದಳು. "ಕಂಪನಿಯೋರೇ ಕಾಲೇಜಿಗೆ ಬರ್ತಾರೆ ಅಂದ್ರೆ ಸುಮ್ನೇನಾ?" ಎಂದು ಬಸ್ ನಿಲ್ದಾಣದಲ್ಲಿ ಕಂಡವರಿಗೆಲ್ಲ ಹೇಳಿದಳು. ಅರ್ಪಿತಾ ಸರ್ಕಾರ ಕೊಟ್ಟ ಲ್ಯಾಪ್‌ಟಾಪನ್ನು ರಾತ್ರಿಯೇ ಚಾರ್ಜಿಗೆ ಹಾಕಿದ್ದಳು. ಬಸ್ಸಿನಲ್ಲಿ ಅವಳು ಮನಸ್ಸಿನಲ್ಲೇ ಪ್ರಾಜೆಕ್ಟಿನ ವಿವರ ಒಪ್ಪಿಸಿಕೊಳ್ಳುತ್ತಿದ್ದಳು. ಸರ್ವರ್ ಮಲಗಿಬಿಟ್ಟರೆ ಮರ್ಯಾದೆ ಹೋಗುತ್ತದೆಂದು ಕಾಲೇಜಿನ ಬಾಗಿಲಲ್ಲಿ ನಿಂತು ಒಮ್ಮೆ ಜಾಲತಾಣ ತೆರೆದು ಎಬ್ಬಿಸಿಟ್ಟಳು.

ಒಳಗೆ ಪ್ರಾಂಶುಪಾಲರು, ಪಕ್ಕದಲ್ಲಿ ಕಲ್ಲೇಶಪ್ಪ, ಕೊಟ್ರೇಶ. ಗೋಡೆಯ ಬಳಿ ಪ್ರಮೀಳಾ ಮೇಡಂ. ಎರಡು ಕುರ್ಚಿ ಖಾಲಿ ಇದ್ದವು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಅರ್ಪಿತಾ ಮೇಜಿನ ಅಂಚಿನಲ್ಲಿ ಲ್ಯಾಪ್‌ಟಾಪ್ ಇಟ್ಟು ತೆರೆಯಹೋದಳು.

"ಮುಚ್ಚಮ್ಮ ಅದನ್ನ," ಎಂದರು ಪ್ರಾಂಶುಪಾಲರು. "ಅದರಿಂದಾನೇ ಇಷ್ಟೆಲ್ಲಾ ಆಗಿರೋದು."

ಅವಳಿಗೆ ಅರ್ಥವಾಗಲಿಲ್ಲ. ಕೊಟ್ರೇಶನ ಮುಖ ನೋಡಿದಳು. ಅವನು ಕೈಯಲ್ಲಿದ್ದ ಕಾಗದ ನೋಡುತ್ತಿದ್ದ. ಅವಳದೇ ಮೇಲ್, ಮುದ್ರಿಸಿ ತಂದಿದ್ದ. ನಾಲ್ಕನೇ ಪ್ರಶ್ನೆಯ ಕೆಳಗೆ ಕೆಂಪು ಗೆರೆ.

"ವಿಳಾಸದಾಗೆ ಮುಂದಿನ ನಂಬರ್ ಹಾಕಿದ್ದು ನೀವೇನಾ?" ಎಂದ.

"ಹೌದು ಸರ್. ನೀವು ಹೆಂಗೆ ತಡೆದೀರಿ ಅಂತ..."

"ಹೌದೋ ಅಲ್ವೋ, ಅಷ್ಟೇ ಹೇಳ್ರಿ."

"ಹೌದು ಸರ್."

"ಆ ಮಗು ನಿಮಗೆ ಸಂಬಂಧನಾ?"

"ಅಲ್ಲ ಸರ್."

"ಆ ತಾಯಿ ಫೋನ್ ನಂಬರ್ ನೋಡಿದ್ದು?"

"ಕಾಣಿಸ್ತು ಸರ್. ಕಾಣಬಾರದಿತ್ತು ಅಂತಾನೇ ಕೇಳಿದ್ದು..."

"ಕೇಳಿದ್ರಲ್ಲ ಸಾರ್," ಕೊಟ್ರೇಶ ಪ್ರಾಂಶುಪಾಲರ ಕಡೆ ತಿರುಗಿದ. "ಒಪ್ಕೊಂಡಾಳೆ. ಐಟಿ ಕಾಯ್ದೆ ಪ್ರಕಾರ ಕಂಪ್ಲೇಂಟ್ ಕೊಡಬಹುದು. ನಾವೇ ಬ್ಯಾಡ ಅಂತ ಬಿಟ್ಟೀವಿ."

"ಹುಡುಗಿ ಅಂತ ಬಿಟ್ಟೀವಿ," ಕಲ್ಲೇಶಪ್ಪ ಸೇರಿಸಿದರು. ಬಾಯಲ್ಲಿದ್ದ ಎಲೆಯಡಿಕೆ ಒಂದು ದವಡೆಗೆ ಸರಿಸಿ ಲ್ಯಾಪ್‌ಟಾಪ್ ಕಡೆ ಕೈ ತೋರಿಸಿದರು. "ಸರ್ಕಾರದೋರದು ತಪ್ಪು ಸಾರ್. ಯಾರ್‍ಯಾರ ಕೈಗೋ ಇಂಥವು ಕೊಡ್ತಾರೆ. ಇವ್ರು ಮಂದಿ ಮನಿ ಇಣುಕಾಕೆ ಹೊಂಟಾರೆ."

ಉಚ್ಚಂಗಮ್ಮನಿಗೆ ಕಾಯ್ದೆ ತಿಳಿಯಲಿಲ್ಲ, ಧ್ವನಿ ತಿಳಿಯಿತು. ಸೀರೆಯ ಸೆರಗನ್ನು ಭುಜದ ತುಂಬ ಹೊದ್ದು ಒಂದು ಹೆಜ್ಜೆ ಮುಂದೆ ಬಂದಳು. ಮಾತಾಡಿದ್ದು ಕೊಟ್ರೇಶನ ಜೊತೆ.

"ಅಪ್ಪಾ, ನೀವು ಜಗಳೂರು ಕಡೆಯೋರಂತೆ, ಮಗಳು ಹೇಳಿದ್ಲು. ನನ್ ತವರೂ ಆ ಕಡೇನೇ. ಯಾರ ಮಗ ಆಗ್ಬೇಕು ನೀವು?"

ಕೊಟ್ರೇಶ ಕೈಯಲ್ಲಿದ್ದ ಕಾಗದವನ್ನು ಮಡಚಿದ.

"ನಮ್ಮೋರಂಗೇ ಕಾಣ್ತೀರಿ. ಅದಕ್ಕೇ ಕೇಳ್ತೀನಿ. ಅವಳು ನಂಬರ್ ಒತ್ತಿದ್ದು ತಪ್ಪಾ, ಒತ್ತಿದ್ರೆ ತೆರ್‍ಕೊಳ್ಳೋದು ತಪ್ಪಾ? ನಮ್ಮ ಪವಿತ್ರನ್ದೂ ಹಿಂಗೇ ಬ್ಯಾರೆಯೋರಿಗೆ ಕಾಣ್ತೈತಾ ಹಂಗಾದ್ರೆ?"

ಪ್ರಮೀಳಾ ಮೇಡಂ ಕಿಟಕಿಯ ಕಡೆ ನೋಡಿದರು. ಇದೇ ತಪ್ಪನ್ನು ಅವರೇ ಪಾಠದಲ್ಲಿ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸಿದ್ದರು. ಕಲ್ಲೇಶಪ್ಪ ಕೊಟ್ರೇಶನನ್ನು ನೋಡಿದರು. ಆ ನೋಟಕ್ಕೆ ಅವನು ಉತ್ತರ ಕೊಡಲೇಬೇಕಿತ್ತು.

"ನೋಡಮ್ಮಾ, ಸಂಬಂಧ ಹುಡುಕಾಕೆ ಇದು ಬೀಗರ ಮನೆ ಅಲ್ಲ," ಎಂದ. "ನಿಮ್ ಮಗಳಿಗೆ ಕೋಡ್ ಬರೆಯಾಕೆ ಬರಂಗಿಲ್ಲ. ಬ್ಯಾರೆಯೋರ್ದು ನಕಲು ಹೊಡಿಯಾಕೆ ಬಂದಾಳೆ, ಅವಳೇ ಬರೆದಾಳೆ ಇಲ್ಲಿ, 'ತಮ್ಮ ಆ್ಯಪ್ ನೋಡಿ' ಅಂತ. ಇಂಥೋರು ಈ ಕೆಲಸಕ್ಕೆ ಲಾಯಕ್ಕಿಲ್ಲ."

ಅರ್ಪಿತಾ ಇಷ್ಟು ಹೊತ್ತು ಎಲ್ಲೋ ತಪ್ಪು ತಿಳಿವಳಿಕೆಯಾಗಿದೆ, ಈಗ ಸರಿಹೋಗುತ್ತದೆ ಎಂದುಕೊಂಡಿದ್ದಳು. ಸರ್ ಪ್ರಶ್ನೆಯನ್ನು ಪೂರ್ತಿ ಓದಿದ್ದಾರೆ, ಪೂರ್ತಿ ಅರ್ಥ ಮಾಡಿಕೊಂಡಿದ್ದಾರೆ ಎಂಬುದು ಆಗ ತಿಳಿಯಿತು.

"ಬರ್ಕೊಡು," ಎಂದು ಪ್ರಾಂಶುಪಾಲರು ಬಿಳಿ ಹಾಳೆ ದೂಡಿದರು. "ನಿಂಗೆ ಅರ್ಜಿ ಚೆನ್ನಾಗಿ ಬರೆಯಾಕೆ ಬರ್ತೈತಂತಲ್ಲ."

ಅವಳು ನಿಂತುಕೊಂಡೇ ಬರೆದಳು. ಇವರಿಗೆ, ಇವರಿಂದ, ಮಾನ್ಯರೇ, ವಿಷಯ. ಕೊಟ್ರೇಶ ಹೇಳುತ್ತ ಹೋದ: ದುರುದ್ದೇಶದಿಂದ, ಅನುಮತಿಯಿಲ್ಲದೆ, ಕಂಪನಿಯ ವ್ಯವಸ್ಥೆಯನ್ನು ಭೇದಿಸಿ. "ವ್ಯವಸ್ಥೆಯಲ್ಲಿ ಯಾವುದೇ ದೋಷವಿರಲಿಲ್ಲ ಅಂತ ಸೇರಿಸ್ರಿ." ಅದನ್ನೂ ಸೇರಿಸಿದಳು. ಕಾಗುಣಿತ ಎಲ್ಲೂ ತಪ್ಪಲಿಲ್ಲ.

"ಕೊನೀಗೆ ಪ್ರತಿ ಹಾಕು," ಎಂದರು ಕಲ್ಲೇಶಪ್ಪ. "ಮೊದ್ಲು ಯಾರ್‍ಯಾರಿಗೆ ಹಾಕಿದ್ಯೋ, ಎಲ್ಲಾರಿಗೂ."

ಪ್ರಾಂಶುಪಾಲರು ಓದಿ ಮುದ್ರೆ ಒತ್ತಿದರು. ಇಂಟರ್ನ್‌ಶಿಪ್‌ಗೆ ಯಾವ ಕಂಪನಿಗೂ ಕಾಲೇಜು ಇವಳ ಹೆಸರು ಕಳಿಸುವುದಿಲ್ಲ ಎಂದರು. ಎಲ್ಲರೂ ಏಳುವಾಗ ಅರ್ಪಿತಾ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಸರ್, ಉಳಿದ ಪ್ರಶ್ನೆಗಳು?"

ಕಲ್ಲೇಶಪ್ಪ ಜೋರಾಗಿ ನಕ್ಕರು. "ಬಿಡಂಗಿಲ್ಲ ನೋಡ್ರಿ ಈಕಿ!" ಕೊಟ್ರೇಶನೂ ನಕ್ಕ. ನಗದೆ ಇರಬಹುದಿತ್ತು.

ಸುದ್ದಿ ತಾಯಿ ಮಗಳಿಗಿಂತ ಮೊದಲೇ ಊರು ಸೇರಿತ್ತು. ಶಾಲೆಯವರು ಅವಳ ತಪ್ಪೊಪ್ಪಿಗೆಯನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದ್ದರು, 'ಯಾರೂ ಗಾಬರಿಯಾಗಬಾರದು, ತಪ್ಪಿತಸ್ಥರು ಸಿಕ್ಕಿದ್ದಾರೆ' ಎಂಬ ಒಕ್ಕಣೆಯೊಂದಿಗೆ. ಎರಡು ದಿನ ಪವಿತ್ರ ಶಾಲೆಗೆ ಹೋಗಲಿಲ್ಲ. ಮೂರನೆಯ ಸಂಜೆ ಲಕ್ಷ್ಮಕ್ಕ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ಅರ್ಪಿತಾ, ಬ್ಯಾಸರ ಮಾಡ್ಕೋಬ್ಯಾಡವ್ವ. ನನ್ ಮಗ ಬೈತಾನೆ. ಅದರಾಗೆ ನನ್ ನಂಬರ್ ಐತಲ್ಲ, ತೆಗೆದ್ಬಿಡು. ಪೊಲೀಸ್ನೋರು ಬರ್ತಾರಂತೆ."

"ಯಾರೂ ಬರಲ್ಲ ಲಕ್ಷ್ಮಕ್ಕ."

"ಬರಲ್ಲ ಅಂತ ನೀನೇನೋ ಹೇಳ್ತೀಯ. ನೀನೇ ಬರೆದ್ ಕೊಟ್ಟೀಯಲ್ಲ, ಮುರ್ದೆ ಅಂತ. ನಿನ್ ಅರ್ಜಿ ಸುಳ್ಳು ಹೇಳ್ತೈತೇನು?"

ಲಕ್ಷ್ಮಕ್ಕನ ಹಿಂದೆ ಉಳಿದವರೂ ಬಂದರು. ಒಬ್ಬೊಬ್ಬರು ಬಂದಾಗಲೂ ಅರ್ಪಿತಾ ಹೆಸರು ಅಳಿಸಿದಳು, ನಂಬರ್ ಅಳಿಸಿದಳು, ಅಳಿಸಿದ್ದನ್ನು ಅವರಿಗೆ ತೋರಿಸಿದಳು. ಅಡುಗೆಮನೆಯಲ್ಲಿ ಉಚ್ಚಂಗಮ್ಮ ಮತ್ತೆ ಫೋನು ಹಿಡಿದು ಕೂಗಾಡತೊಡಗಿದ್ದಳು. "ನಾಳೆ ಬರ್ತೀಯೇನೇ? ಏ, ಕೇಳಿಸ್ತೇನೇ?"

ಹೊನ್ನಾಳಿಯವರೂ ಜಗಳೂರಿನವರೂ ಸಹಿ ಹಾಕಿದ ಮಾರನೆಯ ದಿನ ಅವಳಿಗೊಂದು ಮೇಲ್ ಬಂತು. ಕಂಪನಿಯ ವಿಳಾಸದಿಂದಲ್ಲ, ಕೊಟ್ರೇಶನ ಸ್ವಂತ ವಿಳಾಸದಿಂದ. ಪ್ರತಿಯ ಜಾಗ ಖಾಲಿ.

"ಅರ್ಪಿತಾ ಅವರೇ, ನಿಮ್ಮ ಪ್ರಶ್ನೆಗಳಿಗೆ ಉತ್ತರ.

ಒಂದು. ಸರಿ ಇದೆ. ಪ್ರತಿ ಸಲ ಬೇರೆ ಬೇರೆ ಸಾಲ್ಟ್, ಅಂದರೆ ಮನಬಂದಂತೆ ಆರಿಸಿದ ಒಂದಿಷ್ಟು ಅಕ್ಷರ, ಸೇರುವುದರಿಂದ ಹ್ಯಾಶ್ ಬೇರೆಯಾಗುತ್ತದೆ. ಆ ಸಾಲ್ಟ್ ಹ್ಯಾಶ್‌ನೊಳಗೇ ಇರುತ್ತದೆ, ಅದಕ್ಕೇ ಹೋಲಿಸಿ ನೋಡಲು ಆಗುತ್ತದೆ.

ಎರಡು. ಸರಿಯಾದ ದಾರಿ. ತುಂಬ ಒಳ್ಳೆಯ ಯೋಚನೆ.

ಮೂರು. ನಿಮ್ಮ ಅಮ್ಮನಿಗೆ ಎರಡು ನಂಬರ್ ಇರಬೇಕು. ನಂಬರುಗಳ ಟೇಬಲ್ ಜಾಯಿನ್ ಮಾಡಿದಾಗ ನಂಬರಿಗೊಂದು ಸಾಲು ಬರುತ್ತದೆ. ನಾಳೆಯ ಪಟ್ಟಿಗೆ ನಂಬರ್ ಬೇಕಾಗಿಯೇ ಇಲ್ಲ, ಆ ಜಾಯಿನ್ ತೆಗೆಯಿರಿ.

ನಾಲ್ಕು. ನೀವು ಮಾಡಿರುವುದು ಸರಿ. ಹಾಗೇ ತಡೆಯಬೇಕು.

ಐದು. ಬಿಳಿ ಪುಟದ ಬದಲು 'ಸ್ವಲ್ಪ ತಡೀರಿ, ತೆರೀತಾ ಐತೆ' ಎಂದು ನಿಮ್ಮ ಮಾತಿನಲ್ಲೇ ತೋರಿಸಿ. ಕಾಯುತ್ತಾರೆ.

ಒಳ್ಳೆಯ ಪ್ರಾಜೆಕ್ಟ್. ಓದಿದ ಮೇಲೆ ಈ ಮೇಲ್ ಅಳಿಸಿಬಿಡಿ."

ಅವಳು ನಾಲ್ಕನೆಯದನ್ನು ಮತ್ತೆ ಮತ್ತೆ ಓದಿದಳು. ಪವಿತ್ರಳ ಅಂಕಪಟ್ಟಿ ತೆರೆದು ಮುಂದಿನ ಸಂಖ್ಯೆ ಹಾಕಿ ನೋಡಲೇ ಎಂದು ಬೆರಳು ಒಂದು ಗಳಿಗೆ ತಡವರಿಸಿತು. ಹಾಕಲಿಲ್ಲ. ಹಾಕಿದ್ದರೆ, ಅವಳು ಬರೆದ ಅದೇ ತಡೆ ಈಗ ಅವಳನ್ನೂ ತಡೆಯುತ್ತಿತ್ತು. ಕೊಟ್ರೇಶ ಅವಳ ಕೋಡ್ ತೆರೆದು, ಆ ನಾಲ್ಕು ಸಾಲುಗಳನ್ನು ಹಾಗೇ ಎತ್ತಿ ತನ್ನ 'ಆಮೇಲೆ' ಎಂಬ ಟಿಪ್ಪಣಿಯ ಜಾಗದಲ್ಲಿ ಇಟ್ಟಿದ್ದ.

"ಯಾರ್ದೇ?" ಉಚ್ಚಂಗಮ್ಮ ಬಾಗಿಲಲ್ಲಿ ಬಂದು ಕೇಳಿದಳು.

"ಆ ಸರ್ದು. ನಾನ್ ಮಾಡಿದ್ದು ಸರಿ ಐತಂತೆ."

"ಅದನ್ನ ಆ ರೂಮ್‌ನಾಗೆ ಬಂದು ಹೇಳ್ತಾನಂತಾ?"

"ಇಲ್ಲ. ಅಳಿಸ್ಬಿಡು ಅಂದಾರೆ."

"ಅಳಿಸಬ್ಯಾಡ. ಎಲ್ಲಾರಿಗೂ ಕಳ್ಸು. ಪ್ರತಿ ಹಾಕು, ನಿಂಗ್ ಬರ್ತೈತಲ್ಲ."

"ಯಾರಿಗ್ ಕಳ್ಸಲವ್ವ? ತಪ್ಪು ನಂದೇ, ಅವ್ರ ವ್ಯವಸ್ಥೆಯಾಗೆ ದೋಷ ಇರ್ಲಿಲ್ಲ ಅಂತ ನಾನೇ ಸೈನ್ ಹಾಕಿದೀನಿ. ಅದರ ಪ್ರತಿ ಎಲ್ಲಾರ ಹತ್ರಾನೂ ಐತೆ. ಇದು ಹೋದ್ರೆ ಅದು ಸ್ಟೇಷನ್‌ಗೆ ಹೋಗ್ತೈತೆ."

ಉಚ್ಚಂಗಮ್ಮ ಒಲೆಯ ಕಡೆ ಹೋದಳು.

ಅರ್ಪಿತಾ ಮೂರನೆಯ ಉತ್ತರವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು, ಸರ್ ಹೇಳಿದಂತೆ ಮೇಲ್ ಅಳಿಸಿದಳು. ಲ್ಯಾಪ್‌ಟಾಪ್ ತೆರೆದು ಆ ಜಾಯಿನ್ ತೆಗೆದಳು. ಸರ್ವರ್ ಮಲಗಿತ್ತು, ಏಳುವವರೆಗೆ ಬಿಳಿ ಪುಟವನ್ನೇ ನೋಡುತ್ತ ಕೂತಳು. ಆಮೇಲೆ ಪಟ್ಟಿ ತೆರೆದುಕೊಂಡಿತು.

ಸರ್ ಹೇಳಿದ್ದು ಸರಿಯಾಗಿತ್ತು. ಈಗ ಅವ್ವನ ಹೆಸರು ಒಂದೇ ಸಲ ಬರುತ್ತಿತ್ತು. ಪಟ್ಟಿಯಲ್ಲಿ ಉಳಿದಿದ್ದದ್ದೂ ಅದೊಂದೇ.